ಮೇ 31ರ ಬೀಳ್ಕೊಡುಗೆಗೆ ಒಂದು ಇ-ಮೇಲ್

ನಿವೃತ್ತರಾಗುವವರಿಗೆ ಎಲ್ಲರ ಪರವಾಗಿ ಒಂದು ಸಂದೇಶ, ಒಂದು ಉಡುಗೊರೆ ಕೊಡಬೇಕೆಂದು ಸಹೋದ್ಯೋಗಿಗಳಿಂದ ನೆನಪು, ಸಹಿ ಮತ್ತು ವಂತಿಗೆ ಕೇಳುವ ಇ-ಮೇಲ್ ಬೆಂಗಳೂರಿನ ಹಳೆಯ ಬಡಾವಣೆಗಳ ಬ್ಯಾಂಕು, ಕಾಲೇಜು, ಕಚೇರಿಗಳಿಗೆ ಬಂದದ್ದು ಈಚೆಗೆ. ಅದಕ್ಕೂ ಮೊದಲು ಆ ಕೆಲಸವನ್ನು ಅಟೆಂಡರ್ ಕೈಯಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಒಂದು ಉದ್ದನೆಯ ಪುಸ್ತಕ ಮಾಡುತ್ತಿತ್ತು. ಅದರಲ್ಲಿ ಸುತ್ತೋಲೆಯ ನಾಲ್ಕು ಸಾಲು, ಕೆಳಗೆ ಕ್ರಮಸಂಖ್ಯೆ, ಹೆಸರು, ಮೊತ್ತ, ಸಹಿ ಎಂದು ಗೆರೆ ಎಳೆದ ಅಂಕಣಗಳು. ನೆನಪಿಗೆಂದು ಅದರಲ್ಲಿ ಅಂಕಣ ಇರಲಿಲ್ಲ. ನೆನಪನ್ನು ಸಮಾರಂಭದ ದಿನ ಮೈಕಿನ ಮುಂದೆ ಹೇಳುವುದು ವಾಡಿಕೆ. ಬರವಣಿಗೆಯಲ್ಲಿ ಉಳಿಯುತ್ತಿದ್ದದ್ದು ಚೌಕಟ್ಟು ಹಾಕಿಸಿದ ಬಿನ್ನವತ್ತಳೆ ಒಂದೇ. ಅದನ್ನು ಕಚೇರಿಯಲ್ಲಿ ಕನ್ನಡ ಚೆನ್ನಾಗಿ ಬಲ್ಲವರೆಂದು ಹೆಸರಾದ ಒಬ್ಬರು ಬರೆಯುತ್ತಿದ್ದರು. ಹೆಸರು ಬದಲಿಸಿದರೆ ಮುಂದಿನ ವರ್ಷದವರಿಗೂ ಅದೇ ಸಾಲುತ್ತಿತ್ತು.

ಸಹೋದ್ಯೋಗಿಗಳಿಂದ ಬರಹ ಕೇಳಿ ಕಟ್ಟುವ ಪದ್ಧತಿ ಕನ್ನಡಕ್ಕೆ ಹೊಸದೇನಲ್ಲ. ಬಿ.ಎಂ. ಶ್ರೀಕಂಠಯ್ಯನವರಿಗೆ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ಯಿಂದ ಈಚೆಗೆ ಅಭಿನಂದನ ಗ್ರಂಥಗಳ ಒಂದು ಸಾಲೇ ಇದೆ. ಆದರೆ ಅದು ವಿದ್ವಾಂಸರಿಗೆ, ಸಾಹಿತಿಗಳಿಗೆ ಸಲ್ಲುತ್ತಿದ್ದ ಗೌರವ. ಬ್ಯಾಂಕಿನ ಹೆಡ್ ಕ್ಯಾಷಿಯರಿಗೂ ಹತ್ತಾರು ಜನ ನಾಲ್ಕು ನಾಲ್ಕು ಸಾಲು ಬರೆದುಕೊಡುವಂತಾಗಿದ್ದಕ್ಕೆ ಇ-ಮೇಲೇ ಕಾರಣ.

ಇಲ್ಲಿ ಹೇಳುವುದು ಬಸವನಗುಡಿಯ ಒಂದು ಬ್ಯಾಂಕ್ ಶಾಖೆಯಲ್ಲಿ 2017ರ ಮೇ ತಿಂಗಳಲ್ಲಿ ಹೊರಟ ಅಂಥ ಒಂದು ಪತ್ರದ ಕಥೆ. ನಿವೃತ್ತರಾಗುತ್ತಿದ್ದವರು ಶಾಖೆಯ ಹೆಡ್ ಕ್ಯಾಷಿಯರ್. ಎಲ್ಲರಿಗೂ ಅವರು ‘ಮೇಡಂ’. ಬ್ಯಾಂಕಿನಲ್ಲೂ ರಾಜ್ಯ ಸರ್ಕಾರದಲ್ಲೂ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಕೆಲಸದಿಂದ ಬಿಡುಗಡೆ. ಹುಟ್ಟಿದ ತಾರೀಖು ಒಂದಾಗಿದ್ದರೆ ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಆ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಸೇರಿಸಿದ ದಿನ ಮೇಷ್ಟರು ಬರೆದುಕೊಂಡ ಜೂನ್ ಒಂದೇ ಹುಟ್ಟಿದ ದಿನ. ಹಾಗಾಗಿ ಮೇ 31 ಬಂತೆಂದರೆ ಗಾಂಧಿ ಬಜಾರಿನ ಹೂವಿನ ಅಂಗಡಿಗಳಲ್ಲಿ ಹಾರಕ್ಕೂ, ಹೋಟೆಲುಗಳಲ್ಲಿ ಸಿಹಿ-ಖಾರದ ಪೊಟ್ಟಣಕ್ಕೂ ಮೊದಲೇ ಹೇಳಿಡಬೇಕು. ಮೇಡಂ ಕೂಡ ಜೂನ್ ಒಂದರವರೇ. ಮೇ ತಿಂಗಳಿಗೆ ಇನ್ನೊಂದು ತೊಡಕಿದೆ: ಮಕ್ಕಳಿಗೆ ರಜೆ, ಅರ್ಧ ಶಾಖೆ ಊರಲ್ಲಿ ಇರುವುದಿಲ್ಲ. ಪತ್ರ ತಿಂಗಳ ಮೊದಲ ವಾರವೇ ಹೊರಡದಿದ್ದರೆ ಉತ್ತರ ಬರುವ ಹೊತ್ತಿಗೆ ಸಮಾರಂಭ ಮುಗಿದಿರುತ್ತದೆ.

ಮೊದಲ ಕರಡನ್ನು ಬರೆದವರು ಶಾಖೆಯ ಹಿರಿಯ ಅಧಿಕಾರಿಯೊಬ್ಬರು. ಅದು ಹಳೆಯ ಸುತ್ತೋಲೆಯ ಧಾಟಿಯಲ್ಲೇ ಇತ್ತು: ನಮ್ಮೆಲ್ಲರ ನೆಚ್ಚಿನ ಮೇಡಂ ಸುದೀರ್ಘ ಸೇವೆಯ ನಂತರ ನಿವೃತ್ತರಾಗುತ್ತಿದ್ದಾರೆ, ತಮ್ಮ ಅನಿಸಿಕೆಗಳನ್ನು ಕಳಿಸಿ, ಉಡುಗೊರೆಗೆ ತಲಾ ಐನೂರು ರೂಪಾಯಿ ಕೊಡಿ, ಸಹಿಯನ್ನೂ ಸ್ಕ್ಯಾನ್ ಮಾಡಿ ಕಳಿಸಿ. ಪರೀಕ್ಷೆಗೆಂದು ಅದನ್ನು ಮೊದಲು ನಾಲ್ವರಿಗಷ್ಟೇ ಕಳಿಸಲಾಯಿತು. ಮೂವರು ಹಣವನ್ನು ಆ ಸಂಜೆಯೇ ಕೊಟ್ಟರು, ನೆನಪಿನ ಮಾತೇ ಎತ್ತಲಿಲ್ಲ. ನಾಲ್ಕನೆಯವರು ಬರೆದದ್ದು ಒಂದೇ ಸಾಲು: ಅವರು ಸರಳ, ಸಜ್ಜನ, ಹಸನ್ಮುಖಿ, ನಿವೃತ್ತ ಜೀವನ ಸುಖಕರವಾಗಿರಲಿ. ಈ ಸಾಲು ಯಾರಿಗೆ ಬೇಕಾದರೂ ಒಪ್ಪುತ್ತದೆ, ಎದುರು ಕೌಂಟರಿನ ಸಿಡುಕು ಮೋರೆಯವರಿಗೂ.

ತಪ್ಪು ಉತ್ತರ ಕೊಟ್ಟವರದಲ್ಲ. ಹಣ, ಸಹಿ, ನೆನಪು ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ಯಾವುದು ಸುಲಭವೋ ಅದನ್ನು ಮಾಡಿ ಜನ ಕೈತೊಳೆದುಕೊಳ್ಳುತ್ತಾರೆ. ಹಣ ಕೊಟ್ಟವರಿಗೆ ತಮ್ಮ ಪಾಲು ಮುಗಿಯಿತು ಎನ್ನಿಸುವುದು ಸಹಜ. ಇನ್ನು ‘ಅನಿಸಿಕೆ’ ಎಂದು ಕೇಳಿದರೆ ಬರುವುದು ಗುಣವಾಚಕಗಳೇ. ಯಾವಾಗ, ಎಲ್ಲಿ, ಏನಾಯಿತು ಎಂದು ಕೇಳಿದರೆ ಮಾತ್ರ ಮನಸ್ಸು ಹಿಂದಕ್ಕೆ ಹೋಗುತ್ತದೆ. ಎರಡು ದಿನದ ಮೇಲೆ ಎಲ್ಲರಿಗೂ ಹೋದ ಪತ್ರ ಹೀಗಿತ್ತು:

ವಿಷಯ: ಮೇಡಂ ಬಗ್ಗೆ ಒಂದು ಘಟನೆ – 15ರೊಳಗೆ ಬರೆದು ಕಳಿಸಿ (ಅವರ ಕಿವಿಗೆ ಬೀಳದಿರಲಿ)

ಆತ್ಮೀಯರೇ,
ಈ 31ರ ಬುಧವಾರ ನಮ್ಮ ಹೆಡ್ ಕ್ಯಾಷಿಯರ್ ಮೇಡಂ ನಿವೃತ್ತರಾಗುತ್ತಿದ್ದಾರೆ. ಅವರ ಜೊತೆ ಕೆಲಸ ಮಾಡಿದ ನಿಮ್ಮ ಕಣ್ಣೆದುರು ನಡೆದ ಒಂದೇ ಒಂದು ಘಟನೆಯನ್ನು ನಾಲ್ಕೈದು ಸಾಲಿನಲ್ಲಿ ಬರೆದು ಕಳಿಸಬೇಕೆಂದು ಕೋರಿಕೆ. ಹೊಳೆಯದಿದ್ದರೆ ಇವುಗಳಲ್ಲಿ ಒಂದಕ್ಕೆ ಉತ್ತರಿಸಿದರೂ ಸಾಕು: ಕ್ಯಾಷ್ ತಾಳೆಯಾಗದ ಸಂಜೆ ಅವರು ಏನು ಮಾಡಿದರು? ಪಿಂಚಣಿ ದಿನ ಕೌಂಟರಿನಲ್ಲಿ ಏನು ನಡೆಯುತ್ತಿತ್ತು? ಕಳೆದ ನವೆಂಬರಿನಲ್ಲಿ?
ಕನ್ನಡ, ಇಂಗ್ಲಿಷ್ ಯಾವುದರಲ್ಲಾದರೂ ಬರೆಯಿರಿ. ಬರೆಯಲು ಬಿಡುವಿಲ್ಲದವರು ಫೋನ್ ಮಾಡಿದರೆ ನಾವೇ ಬರೆದುಕೊಳ್ಳುತ್ತೇವೆ. ಸಹಿಯ ಬಗ್ಗೆ ಬೇರೆ ಪತ್ರ ಬರುತ್ತದೆ.
ದಯವಿಟ್ಟು ಶಾಖೆಯ ಇ-ಮೇಲಿಗೆ ಉತ್ತರಿಸಬೇಡಿ. ಈ ವಿಳಾಸಕ್ಕೇ ಕಳಿಸಿ.

ಕೊನೆಯ ಸಾಲಿಗೆ ಕಾರಣವಿದೆ. ಬ್ಯಾಂಕಿನಲ್ಲಿ ಶಾಖೆಗೆಂದು ಒಂದು ಇ-ಮೇಲ್ ಇರುತ್ತದೆ. ಬೆಳಗ್ಗೆ ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಮೇಡಂ ಕೂಡ. ಹಾಗಾಗಿ ಎಲ್ಲರ ಸ್ವಂತ ವಿಳಾಸಗಳನ್ನು ಒಂದೊಂದಾಗಿ ಕೇಳಿ ಪಟ್ಟಿ ಮಾಡಬೇಕಾಯಿತು. ಆ ವಿಳಾಸಗಳನ್ನು ಹಾಕಿದ್ದು Bcc ಎಂಬ ಖಾನೆಯಲ್ಲಿ. ಅಲ್ಲಿ ಹಾಕಿದರೆ ಪತ್ರ ಪಡೆದವರಿಗೆ ಉಳಿದವರ ಹೆಸರು ಕಾಣುವುದಿಲ್ಲ, ಯಾರಾದರೂ ‘Reply all’ ಒತ್ತಿದರೂ ಉತ್ತರ ಕಳಿಸಿದವರಿಗೆ ಮಾತ್ರ ಬರುತ್ತದೆ. ವಿಳಾಸಗಳೆಲ್ಲ ಬಯಲಾಗಿರುವ ಪತ್ರದಲ್ಲಿ ಮೊದಲು ಉತ್ತರಿಸಿದವರ ಧಾಟಿಯನ್ನೇ ಮಿಕ್ಕವರೂ ಹಿಡಿಯುತ್ತಾರೆ. ಮೊದಲನೆಯವರು ‘ಹಸನ್ಮುಖಿ’ ಎಂದರೆ ಇಪ್ಪತ್ತು ಜನ ಹಸನ್ಮುಖಿ ಎನ್ನುತ್ತಾರೆ.

ಈ ಸಲ ಬಂದ ಉತ್ತರಗಳೇ ಬೇರೆ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದ ಮೇಲೆ 10ರಂದು ಬ್ಯಾಂಕು ತೆರೆದಾಗ ಸಾಲು ರಸ್ತೆಯ ತಿರುವಿನವರೆಗೂ ಇತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗ ಬರೆದದ್ದು ಆ ವಾರದ್ದು. ಸಂಜೆ ಲೆಕ್ಕ ಮಾಡಿದರೆ ಅವನ ಕೌಂಟರಿನಲ್ಲಿ ಎರಡು ಸಾವಿರ ಕಡಿಮೆ. ಕ್ಯಾಷಿಯರ್ ಕೈಯಲ್ಲಿ ಕೊರತೆ ಬಿದ್ದರೆ ಅವನೇ ತುಂಬಿಕೊಡಬೇಕು ಎಂಬುದು ಬ್ಯಾಂಕಿನ ರೂಢಿ. ಹುಡುಗ ಕೊಡಲು ಸಿದ್ಧನಾಗಿದ್ದ. ಮೇಡಂ ಬಿಡಲಿಲ್ಲ; ಹೊಸ ಎರಡು ಸಾವಿರದ ಕಟ್ಟುಗಳನ್ನೆಲ್ಲ ಬಿಚ್ಚಿಸಿ, ಎಣಿಸುವ ಯಂತ್ರಕ್ಕೆ ಹಾಕದೆ ಬೆರಳಿಗೆ ನೀರು ಹಚ್ಚಿಕೊಂಡು ಒಂದೊಂದೇ ನೋಟು ಜಾರಿಸುತ್ತ ಹೋದರು. ಗರಿಗರಿ ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂರನೆಯ ಕಟ್ಟಿನಲ್ಲಿ ಎರಡು ನೋಟು ಒಂದಾಗಿ ಕೂತಿದ್ದವು. ‘ನೋಡಪ್ಪ, ಹೊಸ ನೋಟನ್ನ ಮಿಷನ್ನಿಗೆ ಹಾಕೋಕೆ ಮುಂಚೆ ಒಂದ್ಸಲ ಬಗ್ಗಿಸಬೇಕು’ ಎಂದಷ್ಟೇ ಹೇಳಿ ಚೀಲ ಎತ್ತಿಕೊಂಡರಂತೆ.

ಇನ್ನೊಂದು ಉತ್ತರ ಅದೇ ತಿಂಗಳ 28ರದು, ಕಡಲೆಕಾಯಿ ಪರಿಷೆಯ ಸೋಮವಾರದ್ದು. ಪರಿಷೆಗೆ ಮಾಗಡಿ ಕಡೆಯಿಂದ ಬಂದಿದ್ದ ವ್ಯಾಪಾರಿ ಒಬ್ಬರು ಎರಡು ಸಾವಿರದ ಒಂದು ನೋಟು ಹಿಡಿದುಕೊಂಡು ಚಿಲ್ಲರೆಗಾಗಿ ಅಲೆಯುತ್ತಿದ್ದರು. ಸೇರಿನ ಲೆಕ್ಕದಲ್ಲಿ ಕಾಯಿ ಮಾರುವವರಿಗೆ ಆ ನೋಟು ಇದ್ದೂ ಇಲ್ಲದಂತೆ. ಮೇಡಂ ಪಿಂಚಣಿಯವರಿಗೆಂದು ತೆಗೆದಿಟ್ಟಿದ್ದ ನೂರರ ಕಟ್ಟಿನಿಂದ ಇಪ್ಪತ್ತು ನೋಟು ಎಣಿಸಿ ಕೊಟ್ಟರು. ಮಧ್ಯಾಹ್ನ ಆ ವ್ಯಾಪಾರಿ ಒಂದು ಚೀಲ ಹಸಿ ಕಾಯಿ ತಂದು ಕೌಂಟರಿನ ಮೇಲಿಟ್ಟರೆ, ಮೇಡಂ ಅದರ ದುಡ್ಡು ಕೊಟ್ಟೇ ಕಳಿಸಿದರು ಎಂದು ಎದುರು ಕೌಂಟರಿನವರು ನೆನೆದಿದ್ದರು. ಸಿಡುಕು ಮೋರೆಯವರೇ.

ಇ-ಮೇಲ್ ತಲುಪದ ಜನರೂ ಶಾಖೆಯಲ್ಲಿದ್ದರು: ಅಟೆಂಡರ್, ಗನ್‌ಮ್ಯಾನ್, ಬೆಳಗ್ಗೆ ಗುಡಿಸಲು ಬರುವ ಹೆಂಗಸು. ಪತ್ರದ ಪಟ್ಟಿಯಲ್ಲಿ ಹೆಸರಿಲ್ಲದವರು ಸಂದೇಶದಲ್ಲೂ ಇಲ್ಲವಾಗುತ್ತಾರೆ. ಹಳೆಯ ಪುಸ್ತಕ ಇಂಥವರ ಬಳಿಗೂ ಹೋಗುತ್ತಿತ್ತು ಎಂಬುದನ್ನು ಒಪ್ಪಬೇಕು. ಗನ್‌ಮ್ಯಾನ್ ಹೇಳಿದ್ದನ್ನು ಅಧಿಕಾರಿಯೇ ಕೂತು ಬರೆದುಕೊಂಡರು. ನೋಟಿನ ಸಾಲಿನಲ್ಲಿ ನಿಂತಿದ್ದ ವಯಸ್ಸಾದವರನ್ನು ಮೇಡಂ ಒಳಗೆ ಕರೆಸಿ ಬೆಂಚಿನ ಮೇಲೆ ಕೂರಿಸಿ, ಹಣ ತೆಗೆಯುವ ಚೀಟಿಯ ಹಿಂಬದಿಗೆ ನಂಬರು ಬರೆದು ಗುರುತು ಹಾಕಿಕೊಟ್ಟಿದ್ದರು. ಮಾರನೆಯ ದಿನ ಅಂಥದೇ ಚೀಟಿಯ ಮೇಲೆ ತಾವೇ ನಂಬರು ಬರೆದುಕೊಂಡು ಬಂದ ಒಬ್ಬರನ್ನು ಬಾಗಿಲಲ್ಲೇ ಹಿಡಿದದ್ದು ತಾನು ಎಂಬುದು ಅವನ ಹೆಮ್ಮೆ. ಗುರುತು ಮೇಡಂದಲ್ಲ ಎಂದು ಅವನಿಗೆ ಹೇಗೆ ಗೊತ್ತಾಯಿತು? ಅವರು ಬರೆಯುವುದು ಹಸಿರು ಶಾಯಿಯಲ್ಲಿ.

ಬಂದ ನೆನಪುಗಳನ್ನು ಒಂದು ಕಡತಕ್ಕೆ ಇಳಿಸುವಾಗ ಕನ್ನಡದ್ದೇ ಆದ ತೊಂದರೆ ಎದುರಾಯಿತು. ನಿವೃತ್ತರಾಗಿ ಮಲ್ಲೇಶ್ವರದಲ್ಲಿ ನೆಲೆಸಿದ್ದ ಹಿರಿಯರೊಬ್ಬರು ಮನೆ ಹತ್ತಿರದ ಅಂಗಡಿಯಲ್ಲಿ ಟೈಪ್ ಮಾಡಿಸಿ ಕಳಿಸಿದ್ದರು. ಪತ್ರ ತೆರೆದರೆ ಒಂದಕ್ಷರವೂ ಓದಲು ಬರುವಂತಿರಲಿಲ್ಲ. ‘ಕನ್ನಡ’ ಎಂದಿರಬೇಕಾದ ಕಡೆ PÀ£ÀßqÀ ಎಂದು ಕಾಣುತ್ತಿತ್ತು. ಇದು ಕೆಟ್ಟ ಕಡತವಲ್ಲ, ನುಡಿ ತಂತ್ರಾಂಶದ ಹಳೆಯ ಅಕ್ಷರ. ಆ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಂಕೇತಗಳೇ ಎದ್ದು ಬರುತ್ತವೆ. ರಾಜ್ಯ ಸರ್ಕಾರ 2012ರಲ್ಲೇ ಯೂನಿಕೋಡ್ ಕಡ್ಡಾಯ ಎಂದರೂ ಡಿಟಿಪಿ ಅಂಗಡಿಗಳು ನುಡಿಯನ್ನು ಬಿಟ್ಟಿರಲಿಲ್ಲ. ಅದಕ್ಕೂ ಕಾರಣವುಂಟು: ಅವರು ಪುಟ ಕಟ್ಟುವ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಮೂಡಿಸುವುದಿಲ್ಲ. ಹೀಗಾಗಿ ಮಲ್ಲೇಶ್ವರದ ಹಿರಿಯರ ಬರಹವನ್ನು ಓದಲೆಂದು ಯೂನಿಕೋಡಿಗೆ ತರಬೇಕಾಯಿತು, ಆಮೇಲೆ ಎಲ್ಲರ ಬರಹವನ್ನೂ ಮುದ್ರಣಕ್ಕೆ ಕೊಡಲಿದ್ದ ಚಾಮರಾಜಪೇಟೆಯ ಡಿಟಿಪಿ ಅಂಗಡಿಗಾಗಿ ಮತ್ತೆ ನುಡಿಗೆ ತಿರುಗಿಸಬೇಕಾಯಿತು. ಈ ಹೋಗಿ ಬರುವ ದಾರಿಯಲ್ಲಿ ಅರ್ಕಾವೊತ್ತು ಜಾಗ ಬದಲಿಸುವುದು, ಒತ್ತಕ್ಷರ ಬಿಟ್ಟುಹೋಗುವುದು ಮಾಮೂಲು. ಮೂಲ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ಹೆಸರುಗಳನ್ನೂ ‘ರ್’ ಇರುವ ಪದಗಳನ್ನೂ ಒಂದೊಂದಾಗಿ ನೋಡುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಸಹಿಯ ಪತ್ರ ಬೇರೆಯಾಗಿ ಹೋಯಿತು, ಅದಕ್ಕೆ ಬಂದ ಪ್ರಶ್ನೆಯೂ ಬೇರೆ. ಬ್ಯಾಂಕಿನವರಿಗೆ ಸಹಿ ಎಂದರೆ ಅಧಿಕಾರ. ಡಿಮಾಂಡ್ ಡ್ರಾಫ್ಟಿನ ಮೇಲಿನ ಸಹಿಯನ್ನು ಮಾದರಿ ಸಹಿಗಳ ಪುಸ್ತಕದ ಜೊತೆ ಹೋಲಿಸಿ ನೋಡಿ ಬೆಳೆದ ಜನ, ಅದೇ ಸಹಿಯನ್ನು ಸ್ಕ್ಯಾನ್ ಮಾಡಿ ಇ-ಮೇಲಿನಲ್ಲಿ ಕಳಿಸಿ ಎಂದರೆ ಒಪ್ಪಲಿಲ್ಲ. ಅದು ಸರಿಯಾದ ಅಂಜಿಕೆ. ಪರಿಹಾರವನ್ನು ಅವರಲ್ಲೇ ಒಬ್ಬರು ಸೂಚಿಸಿದರು: ಚೆಕ್ಕಿಗೆ ಇಂಗ್ಲಿಷಿನಲ್ಲಿ ಸಹಿ ಮಾಡುವವರು ಇದಕ್ಕೆ ಕನ್ನಡದಲ್ಲಿ ಪೂರ್ತಿ ಹೆಸರು ಬರೆಯಲಿ. ತಮಿಳರು ತಮಿಳಿನಲ್ಲಿ, ತೆಲುಗರು ತೆಲುಗಿನಲ್ಲಿ ಬರೆದರು. ಹಾಳೆ ಸುಂದರವಾಯಿತು, ಸಹಿಯೂ ಕ್ಷೇಮ.

ಹಾಳೆಯ ಅಳತೆ ಎ3. ಉದ್ದಕ್ಕೆ ಹತ್ತು, ಅಡ್ಡಕ್ಕೆ ನಾಲ್ಕು ಮನೆಗಳನ್ನು ಪೆನ್ಸಿಲಿನಲ್ಲಿ ನವಿರಾಗಿ ಎಳೆದರೆ ನಲವತ್ತು ಸಹಿ ಹಿಡಿಸುತ್ತವೆ. ಅಂಚು ಬಿಟ್ಟರೆ ಪ್ರತಿ ಮನೆ ಸುಮಾರು ಎರಡೂವರೆ ಅಂಗುಲ ಅಗಲ. ಮನೆ ಎಳೆಯದಿದ್ದರೆ ಮೊದಲು ಬಂದ ಇಬ್ಬರು ನಡುವೆ ಇಷ್ಟಗಲ ಬರೆದು, ಕೊನೆಗೆ ಬಂದವರು ಅಂಚಿನಲ್ಲಿ ಇರುವೆಯಂತೆ ಸಾಲು ಹಿಡಿಯುತ್ತಾರೆ. ಹೊರ ಊರಿಗೆ ವರ್ಗವಾದವರು ಬಿಳಿ ಹಾಳೆಯ ಮೇಲೆ ಕಪ್ಪು ಬಾಲ್‌ಪೆನ್ನಿನಲ್ಲಿ ಬರೆದು, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ನೇರವಾಗಿ ಫೋಟೋ ತೆಗೆದು ಕಳಿಸಬೇಕೆಂದು ಪತ್ರದಲ್ಲಿ ಹೇಳಿತ್ತು. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದರಲ್ಲಿ ಕೈಯ ನೆರಳು ಬಿದ್ದು, ಹಾಳೆ ಮಂಕಾಗಿ, ಮುದ್ರಿಸಿದಾಗ ಸಹಿಯ ಸುತ್ತ ಕೊಳೆಯಂಥ ಚೌಕ ಉಳಿಯುತ್ತದೆ. ಇಲ್ಲಿ ಕ್ರಮವೂ ಮುಖ್ಯ. ಹೊರಗಿನವರ ಸಹಿಗಳನ್ನು ಅವರವರ ಮನೆಗಳಲ್ಲಿ ಮೊದಲು ಮುದ್ರಿಸಿಕೊಂಡು ಬಂದು, ಆಮೇಲೆ ಊರಲ್ಲಿರುವವರು ಅದೇ ಹಾಳೆಯ ಮೇಲೆ ಶಾಯಿಯಲ್ಲಿ ಸಹಿ ಹಾಕಬೇಕು. ಹಾಳೆ ಹೊಳಪಿನದಾಗಿದ್ದರೆ ಶಾಯಿ ಒಣಗದೆ ಹರಡುತ್ತದೆ. ಮಂಕು ಕಾಗದವೇ ಆಗಬೇಕು.

ಹಣದ ಮಾತನ್ನು ಎರಡನೆಯ ಪತ್ರದಿಂದ ಪೂರ್ತಿ ತೆಗೆದದ್ದಕ್ಕೆ ಬರಿಯ ಸಂಕೋಚ ಕಾರಣವಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 14ನೆಯದು ಇಂಥ ಬೀಳ್ಕೊಡುಗೆಯ ಬಗ್ಗೆಯೇ ಹೇಳುತ್ತದೆ. ನಿವೃತ್ತಿಯ ಖಾಸಗಿ, ಅನೌಪಚಾರಿಕ ಬೀಳ್ಕೊಡುಗೆಗೆ ಅಡ್ಡಿಯಿಲ್ಲ. ಆದರೆ ಅದಕ್ಕೆ ವಂತಿಗೆ ಕೊಡುವಂತೆ ಯಾರ ಮೇಲೂ ಒತ್ತಡ ತರಬಾರದು. ಮೇಲಿನ ದರ್ಜೆಯವರ ಸತ್ಕಾರಕ್ಕಾಗಿ ಕೆಳಗಿನ ಸಿ, ಡಿ ದರ್ಜೆಯ ನೌಕರರಿಂದ ಯಾವ ಕಾರಣಕ್ಕೂ ಹಣ ಎತ್ತಬಾರದು. ಬ್ಯಾಂಕು ಆ ನಿಯಮದ ವ್ಯಾಪ್ತಿಗೆ ಬಾರದಿದ್ದರೂ ನಿಯಮ ಹುಟ್ಟಿದ ಅನುಭವ ಎಲ್ಲ ಕಚೇರಿಗಳದ್ದೂ ಒಂದೇ. ಹಳೆಯ ಪುಸ್ತಕದಲ್ಲಿ ಮೊದಲ ಹೆಸರು ಮ್ಯಾನೇಜರದ್ದು, ಎದುರಿಗೆ ಅವರ ಮೊತ್ತ. ಅದನ್ನು ನೋಡಿದ ಕೆಳಗಿನವರು ತಮ್ಮ ಮೊತ್ತ ನಿರ್ಧರಿಸಬೇಕಿತ್ತು, ಅದೂ ತಿಂಗಳ ಕೊನೆಯಲ್ಲಿ. ಒತ್ತಡಕ್ಕೆ ಬೇರೆ ಮಾತೇ ಬೇಡ, ಆ ಅಂಕಣವೇ ಸಾಕು.

ಈ ಸಲ ಮಾಡಿದ್ದು ಇಷ್ಟು: ತಲಾ ಇಷ್ಟು ಎನ್ನದೆ, ಕೊಡಲು ಇಷ್ಟವಿರುವವರು ಸಂಬಳ ಬಂದ ವಾರದಲ್ಲಿ ಹಣವಿಟ್ಟ ಲಕೋಟೆಯೊಂದನ್ನು ಡೆಸ್ಪ್ಯಾಚಿನ ಡಬ್ಬಿಗೆ ಹಾಕಬಹುದು ಎಂದು ಬಾಯಿಮಾತಿನಲ್ಲಿ ತಿಳಿಸಲಾಯಿತು. ಲಕೋಟೆಯ ಮೇಲೆ ಹೆಸರು ಇಲ್ಲ. ಹೊರ ಊರಿನವರಲ್ಲಿ ಕೆಲವರು ಆಗಷ್ಟೇ ರೂಢಿಗೆ ಬರುತ್ತಿದ್ದ ಯುಪಿಐ ಮೂಲಕ ಒಬ್ಬರ ಖಾತೆಗೆ ಹಾಕಿದರು. ಅಲ್ಲಿ ಹೆಸರು, ಮೊತ್ತ ಎರಡೂ ಕಂಡೇ ಕಾಣುತ್ತದೆ, ಅದನ್ನು ನೋಡಿದವರು ಬಾಯಿ ಮುಚ್ಚಿಕೊಂಡಿರಬೇಕು ಅಷ್ಟೆ. ಹೆಸರಿಲ್ಲದ ಪದ್ಧತಿಗೆ ಒಂದು ಮಿತಿಯಿದೆ, ಒಟ್ಟು ಎಷ್ಟಾಗುತ್ತದೆಂದು ಮೊದಲೇ ತಿಳಿಯುವುದಿಲ್ಲ. ಉಡುಗೊರೆಯನ್ನು ಹಣ ಸೇರಿದ ಮೇಲೆ ಆರಿಸಬೇಕೇ ಹೊರತು ಮೊದಲೇ ಗೊತ್ತುಮಾಡಿ ಹಣಕ್ಕೆ ಓಡಾಡಬಾರದು.

ಉಡುಗೊರೆ ಎಂದರೆ ಬೆಳ್ಳಿಯದೇ ಎಂಬುದು ರೂಢಿ: ಲೋಟ, ದೀಪ, ಕುಂಕುಮದ ಬಟ್ಟಲು. ಮೇಡಂ ಮಗಳನ್ನು ಗುಟ್ಟಾಗಿ ಕೇಳಿದಾಗ ಅವರ ಬೀರುವಿನಲ್ಲಿ ಅಂಥವು ಈಗಾಗಲೇ ಬೇಕಾದಷ್ಟಿವೆ ಎಂದು ತಿಳಿಯಿತು. ಅವಳೇ ಹೇಳಿದ ಇನ್ನೊಂದು ಸಂಗತಿ ಕೌಂಟರಿನ ಪಕ್ಕದಲ್ಲಿ ವರ್ಷಗಟ್ಟಲೆ ಕೂತವರಿಗೂ ಗೊತ್ತಿರಲಿಲ್ಲ. ಅಮ್ಮ ಮದುವೆಗೆ ಮುಂಚೆ ಸಂಗೀತ ಕಲಿತಿದ್ದರು, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ಇಂದಿಗೂ ತಪ್ಪಿಸುವುದಿಲ್ಲ, ಮತ್ತೆ ಪಾಠಕ್ಕೆ ಹೋಗಬೇಕೆಂದಿದ್ದಾರೆ. ಕೊಂಡದ್ದು ಬೆಂಗಳೂರಿನಲ್ಲೇ ತಯಾರಾದ ಒಂದು ಇಲೆಕ್ಟ್ರಾನಿಕ್ ತಂಬೂರಿ. ಅಂಗಡಿಯವನು ‘ಶ್ರುತಿ ಎಷ್ಟು ಸಾರ್?’ ಎಂದಾಗ ಹೋದವರಿಬ್ಬರೂ ಮುಖ ಮುಖ ನೋಡಿಕೊಂಡರು. ಶ್ರುತಿಯನ್ನು ಹೆಂಗಸರಿಗೂ ಗಂಡಸರಿಗೂ ತಕ್ಕಂತೆ ತಿರುಗಿಸಿಕೊಳ್ಳಬಹುದು ಎಂದು ಅವನೇ ತೋರಿಸಿದ.

ಸಮಾರಂಭ ಮೊದಲಿನಂತೆಯೇ ನಡೆಯಿತು. ಮೈಸೂರು ಪೇಟ, ಶಾಲು, ಹಾರ, ಫಲತಾಂಬೂಲ. ಬಿನ್ನವತ್ತಳೆಯನ್ನು ಈ ಸಲವೂ ಓದಿದರು, ಆದರೆ ನೂರೈವತ್ತು ಪದ ಮೀರಿಸದೆ. ಗೋಡೆಗೆ ತೂಗುಹಾಕುವ ಚೌಕಟ್ಟಿನಲ್ಲಿ ಅದಕ್ಕಿಂತ ಹೆಚ್ಚು ತುಂಬಿದರೆ ಅಕ್ಷರ ಸಣ್ಣದಾಗಿ ಯಾರೂ ಓದುವುದಿಲ್ಲ. ನೆನಪುಗಳನ್ನು ಬೇರೆ ಕಟ್ಟಿಸಿ ಕೊಟ್ಟಿದ್ದರು. ಮೇಡಂ ಅದನ್ನು ಅಲ್ಲೇ ತೆರೆದು ಗನ್‌ಮ್ಯಾನ್ ಹೇಳಿದ್ದನ್ನು ಓದಿ, ‘ಹಸಿರು ಇಂಕು ಅಂತ ಇವನಿಗೆ ಹೇಗ್ರೀ ಗೊತ್ತಾಯ್ತು’ ಎಂದು ನಕ್ಕರು.

ಆಮೇಲಿನ ಕೆಲಸವನ್ನು ಬಹಳ ಕಡೆ ಮರೆತುಬಿಡುತ್ತಾರೆ. ಜೂನ್ ಮೊದಲ ವಾರ ಇನ್ನೊಂದು ಪತ್ರ ಹೋಯಿತು: ಒಟ್ಟು ಬಂದದ್ದು, ತಂಬೂರಿಗೆ, ಮುದ್ರಣಕ್ಕೆ, ಚೌಕಟ್ಟಿಗೆ, ತಿಂಡಿಗೆ ಆದದ್ದು, ಉಳಿದದ್ದು. ಯಾರು ಎಷ್ಟು ಕೊಟ್ಟರೆಂಬುದು ಅದರಲ್ಲಿ ಇರಲಿಲ್ಲ. ಉಳಿದ ಸಣ್ಣ ಮೊತ್ತವನ್ನು ಮುಂದಿನ ಬೀಳ್ಕೊಡುಗೆಗೆ ಇಡಬೇಕೆಂದು ಕೆಲವರು, ಮೇಡಂಗೇ ಕೊಡಬೇಕೆಂದು ಕೆಲವರು ಬರೆದರು. ಇಂಥಲ್ಲಿ ಪಡೆದವರ ಮಾತೇ ಕೊನೆಯದು. ಡಿ.ವಿ. ಗುಂಡಪ್ಪನವರಿಗೆ 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಅವರು ಪೂರ್ತಿಯಾಗಿ ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಇಲ್ಲಿ ಮೊತ್ತ ನೂರುಗಳಲ್ಲಿತ್ತು. ಮೇಡಂ ಅದನ್ನು ಗುಡಿಸುವ ಹೆಂಗಸಿನ ಮಗಳ ಪುಸ್ತಕಕ್ಕೆ ಕೊಡಿ ಎಂದರು.

ಅದೇ ಪತ್ರದ ಜೊತೆ ಹೊರ ಊರಿನವರಿಗೆ ನೆನಪುಗಳ ಕಡತ ಹೋಯಿತು, ಸಹಿಯ ಹಾಳೆಯನ್ನು ಬಿಟ್ಟು. ಪತ್ರ ಕಳಿಸಿದವರ ಇ-ಮೇಲ್ ಪೆಟ್ಟಿಗೆಯಲ್ಲಿದ್ದ ಸಹಿಯ ಫೋಟೋಗಳನ್ನು ಅಳಿಸಲಾಯಿತು, ಚಾಮರಾಜಪೇಟೆಯ ಅಂಗಡಿಗೆ ಹೋಗಿ ಅವರ ಕಂಪ್ಯೂಟರಿನಿಂದಲೂ ಅಳಿಸಿಸಿ ಪೆನ್‌ಡ್ರೈವ್ ವಾಪಸು ತರಲಾಯಿತು.